‘ಹೆದರಿದ ಆನೆ’: ಭಾವಸೂಚಕ ವಿಶೇಷಣಗಳಲ್ಲಿ ಅನುಭವಿ ಮತ್ತು ಹೇತು

ಇತಿಹಾಸದ ಅಧ್ಯಾಪಕರಾದ ನಾವು ವ್ಯಾಕರಣದ ವಿಷಯವಾಗಿ ಲೇಖನಿ ಹಿಡಿದುದಕ್ಕೆ ಮೊದಲು ಕಾರಣ ಹೇಳುವುದು ಉಚಿತ. ಸಕಲೇಶಪುರ ತಾಲ್ಲೂಕಿನ ಹಾನುಬಾಳು ಸೀಮೆಯಲ್ಲಿ ಕಾಡಾನೆಗಳೊಡನೆ ಬಾಳಿದ ಹಿರಿಯರ ನೆನಪುಗಳನ್ನು ನಮ್ಮ ವಿದ್ಯಾರ್ಥಿಗಳು ಧ್ವನಿಮುದ್ರಿಸಿಕೊಂಡು ಬಂದರು. ಅವನ್ನು ಕನ್ನಡದಲ್ಲಿ ಬರೆದು, ಅನಂತರ ಇಂಗ್ಲಿಷಿಗೆ ಅನುವಾದಿಸಿ ನಮ್ಮ ಕೈಗೆ ಕೊಟ್ಟರು. ತಿದ್ದುತ್ತ ಕುಳಿತಿದ್ದಾಗ ಒಂದು ವಾಕ್ಯದ ಬಳಿ ಲೇಖನಿ ನಿಂತಿತು. ಕನ್ನಡದ ಪ್ರತಿಯಲ್ಲಿ, ‘ಹೆದರಿದ ಆನೆ ಲೈನಿನ ಕಡೆಗೆ ನುಗ್ಗಿತು’ ಎಂದಿದ್ದಿತು. ಲೈನು ಎಂದರೆ ಕಾಫಿ ತೋಟದ ಕೂಲಿಯವರ ಸಾಲುಮನೆ. ಇಂಗ್ಲಿಷಿನ ಪ್ರತಿಯಲ್ಲಿ ಆ ಆನೆ ‘ಫ್ರೈಟನಿಂಗ್ ಎಲಿಫೆಂಟ್’ ಆಗಿದ್ದಿತು. ಭಯಪಟ್ಟ ಪ್ರಾಣಿಯು ಭಯಪಡಿಸುವ ಪ್ರಾಣಿಯಾಗಿ ಮಾರ್ಪಟ್ಟಿದ್ದಿತು. ಒಂದು ಪ್ರತ್ಯಯದ ವ್ಯತ್ಯಾಸದಿಂದ ಆ ರಾತ್ರಿಯ ಘಟನೆಯ ಹೊಣೆಯೇ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಹೋಗಿದ್ದಿತು.

ಇದು ಕೇವಲ ಪರೀಕ್ಷೆಯ ಅಂಕಗಳ ಮಾತಾಗಿದ್ದರೆ ಇಲ್ಲಿ ಪ್ರಸ್ತಾಪಿಸಬೇಕಾಗಿರಲಿಲ್ಲ. ಆಲೂರು ಮತ್ತು ಸಕಲೇಶಪುರದ ಬೆಟ್ಟಸಾಲುಗಳಲ್ಲಿ ಆನೆಗೂ ಮನುಷ್ಯನಿಗೂ ನಡೆಯುತ್ತಿರುವ ಘರ್ಷಣೆ ನ್ಯಾಯಾಲಯದವರೆಗೆ ಹೋದ ಸಂಗತಿ. 2014ರಲ್ಲಿ ಈ ಸೀಮೆಯಿಂದ 22 ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಲಾಯಿತು. ಇಂತಹ ವಿಷಯದಲ್ಲಿ ಸಾಕ್ಷಿಯೊಬ್ಬರು ‘ಆನೆ ಹೆದರಿತ್ತು’ ಎಂದು ಹೇಳಿದುದನ್ನು ‘ಆನೆ ಹೆದರಿಸುತ್ತಿತ್ತು’ ಎಂದು ದಾಖಲಿಸಿದರೆ, ಮುಂದೆ ಆ ದಾಖಲೆಯನ್ನು ಓದುವ ಸಂಶೋಧಕನು ನಡೆಯದ ಸಂಗತಿಯನ್ನು ನಡೆಯಿತೆಂದು ತಿಳಿಯುತ್ತಾನೆ. ಆದುದರಿಂದ ಈ ತಪ್ಪು ಎಲ್ಲಿಂದ ಹುಟ್ಟುತ್ತದೆ, ಅದನ್ನು ಗುರುತಿಸುವ ಬಗೆ ಯಾವುದು ಎಂಬುದನ್ನು ವಿಚಾರಿಸಲು ನಾವು ತೊಡಗಿದೆವು.

ಇಂಗ್ಲಿಷಿನಲ್ಲಿ ಮನಸ್ಸಿನ ಸ್ಥಿತಿಯನ್ನು ಹೇಳುವ ಅನೇಕ ವಿಶೇಷಣಗಳು ಜೋಡಿಯಾಗಿ ಬರುತ್ತವೆ. ‘ಬೋರ್ಡ್’ ಮತ್ತು ‘ಬೋರಿಂಗ್’, ‘ಇಂಟರೆಸ್ಟೆಡ್’ ಮತ್ತು ‘ಇಂಟರೆಸ್ಟಿಂಗ್’, ‘ಫ್ರೈಟನ್ಡ್’ ಮತ್ತು ‘ಫ್ರೈಟನಿಂಗ್’ ಮುಂತಾದುವು ವಾಚಕರಿಗೆ ಪರಿಚಿತವೇ. ‘ಎಡ್’ ಎಂಬ ಪ್ರತ್ಯಯವುಳ್ಳ ರೂಪವು ಭಾವವನ್ನು ಅನುಭವಿಸಿದವನನ್ನು ವರ್ಣಿಸುತ್ತದೆ. ‘ಇಂಗ್’ ಎಂಬುದುಳ್ಳ ರೂಪವು ಆ ಭಾವಕ್ಕೆ ಕಾರಣವಾದುದನ್ನು ವರ್ಣಿಸುತ್ತದೆ. ಮೊದಲನೆಯವನನ್ನು ‘ಅನುಭವಿ’ ಎಂದೂ ಎರಡನೆಯದನ್ನು ‘ಹೇತು’ ಎಂದೂ ಈ ಲೇಖನದಲ್ಲಿ ಕರೆಯುತ್ತೇವೆ. ಪಾಠವು ಬೋರಿಂಗ್ ಆದರೆ ಹುಡುಗನು ಬೋರ್ಡ್ ಆಗುತ್ತಾನೆ. ಇಲ್ಲಿಯವರೆಗಿನ ಮಾತು ಯಾವ ಕೈಪಿಡಿಯಲ್ಲಾದರೂ ದೊರೆಯುತ್ತದೆ. ಆದರೆ ಈ ಸೂತ್ರವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯೇ ಮರುದಿನ ‘ಐ ಆಮ್ ಬೋರಿಂಗ್’ ಎಂದು ಬರೆಯುವುದನ್ನು ನಾವು ವರ್ಷವರ್ಷವೂ ಕಾಣುತ್ತಿದ್ದೇವೆ. ಅದು ವ್ಯಾಕರಣದೃಷ್ಟಿಯಿಂದ ಶುದ್ಧವಾದ ವಾಕ್ಯ. ‘ನನ್ನ ಸಹವಾಸ ಇತರರಿಗೆ ಬೇಸರ ತರುವಂಥದು’ ಎಂದು ಅದರ ಅರ್ಥ. ವಾಕ್ಯ ಶುದ್ಧವಾಗಿರುವುದರಿಂದಲೇ ತಪ್ಪು ಕಣ್ಣಿಗೆ ಬೀಳದೆ ನುಸುಳಿಹೋಗುತ್ತದೆ.

ಸೂತ್ರ ತಿಳಿದಿದ್ದರೂ ತಪ್ಪು ಏಕೆ? ನಮಗೆ ತೋರುವಂತೆ, ನಮ್ಮ ವಿದ್ಯಾರ್ಥಿಯು ಈ ಎರಡು ಪ್ರತ್ಯಯಗಳನ್ನು ವಿಶೇಷಣಗಳಲ್ಲಿ ಕಾಣುವುದಕ್ಕೆ ಬಹಳ ಮೊದಲೇ ಬೇರೊಂದು ಪಾಠದಲ್ಲಿ ಕಲಿತಿರುತ್ತಾನೆ. ‘ಇಂಗ್’ ಎಂದರೆ ‘ಉತ್ತ ಇದ್ದೇನೆ’, ‘ಎಡ್’ ಎಂದರೆ ಭೂತಕಾಲ ಎಂಬುದು ಶಾಲೆಯ ಮೊದಲ ವರ್ಷಗಳಲ್ಲಿಯೇ ಮನಸ್ಸಿನಲ್ಲಿ ನಾಟಿರುತ್ತದೆ. ‘ನನಗೆ ಬೇಸರವಾಗುತ್ತಿದೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದಾಗ ‘ಉತ್ತಿದೆ’ ಎಂಬ ಧ್ವನಿಯೇ ಅವನನ್ನು ‘ಇಂಗ್’ ಕಡೆಗೆ ಕೈಹಿಡಿದು ನಡೆಸುತ್ತದೆ. ‘ಐ ಆಮ್ ಬೋರ್ಡ್’ ಎಂದರೆ ಬೇಸರವು ಹಿಂದೆ ಆಗಿ ಮುಗಿದುಹೋಯಿತೇನೋ ಎಂದು ಅವನಿಗೆ ಭಾಸವಾಗುತ್ತದೆ. ಅವನು ಕಾಲದ ಭೇದವನ್ನು ಹುಡುಕುತ್ತಿದ್ದಾನೆ. ಅಲ್ಲಿರುವುದಾದರೋ ಕರ್ತರಿ ಮತ್ತು ಕರ್ಮಣಿಗಳ ಭೇದ. ‘ಬೋರ್’ ಎಂಬುದು ಇಂಗ್ಲಿಷಿನಲ್ಲಿ ‘ಬೇಸರಪಡು’ ಎಂಬ ಧಾತುವಲ್ಲ, ‘ಬೇಸರಪಡಿಸು’ ಎಂಬ ಸಕರ್ಮಕ ಧಾತು. ಪಾಠವು ಹುಡುಗನನ್ನು ಬೇಸರಪಡಿಸುತ್ತದೆ. ಹುಡುಗನು ಅದರ ಕರ್ಮ. ಆದುದರಿಂದ ಕ್ರಿಯೆಯನ್ನು ಮಾಡುವ ಪಾಠಕ್ಕೆ ಕರ್ತರಿಯ ‘ಇಂಗ್’, ಕ್ರಿಯೆಗೆ ಒಳಗಾದ ಹುಡುಗನಿಗೆ ಕರ್ಮಣಿಯ ‘ಎಡ್’. ‘ಇಂಟರೆಸ್ಟ್’, ‘ಫ್ರೈಟನ್’, ‘ಟೈರ್’, ‘ಸರ್‌ಪ್ರೈಸ್’ ಇವೆಲ್ಲವೂ ಇದೇ ಜಾತಿಯ ಧಾತುಗಳು. ಕಾಲಕ್ಕೂ ಇದಕ್ಕೂ ಸಂಬಂಧವಿಲ್ಲ.

ಭೂತಕಾಲದ ವೇಷ ತೊಟ್ಟ ರೂಪವು ವರ್ತಮಾನದ ಭಾವವನ್ನು ಹೇಳುವುದು ಇಂಗ್ಲಿಷಿನವರ ವಿಚಿತ್ರವೆಂದು ತಿಳಿಯಬೇಕಾಗಿಲ್ಲ. ಸಂಸ್ಕೃತದ ‘ಕ್ತ’ ಪ್ರತ್ಯಯವು ಸಾಮಾನ್ಯವಾಗಿ ಭೂತಾರ್ಥದಲ್ಲಿ ಬರುವಂಥದು. ಆದರೆ ಕೆಲವು ಧಾತುಗಳಿಗೆ ಅದು ವರ್ತಮಾನಾರ್ಥದಲ್ಲಿಯೂ ಬರುತ್ತದೆಂದು ಪಾಣಿನಿಯು ಪ್ರತ್ಯೇಕವಾಗಿ ವಿಧಿಸಿದ್ದಾನೆ. ಧಾತುಪಾಠದಲ್ಲಿ ‘ಞಿ’ ಎಂಬ ಗುರುತು ಹೊತ್ತ ಧಾತುಗಳು ಆ ಗುಂಪಿಗೆ ಸೇರಿದುವು. ಭಯವೆಂಬ ಅರ್ಥದ ‘ಭೀ’ ಧಾತುವು ಅವುಗಳಲ್ಲೊಂದು. ಆದುದರಿಂದ ‘ಭೀತ’ ಎಂದರೆ ನಿನ್ನೆ ಹೆದರಿದ್ದವನಷ್ಟೇ ಅಲ್ಲ, ಈಗ ಹೆದರಿರುವವನು. ‘ಫ್ರೈಟನ್ಡ್’ ಎಂಬುದನ್ನು ‘ಭೀತ’ ಎಂದು ತಿಳಿದರೆ ವಿದ್ಯಾರ್ಥಿಯ ಸಂದೇಹ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಇದಕ್ಕೆ ಎದುರು ನಿಲ್ಲುವ ರೂಪ ‘ಭಯಂಕರ’. ಭಯವನ್ನು ಮಾಡುವಂಥದು ಎಂಬುದೇ ಅದರ ಅವಯವಾರ್ಥ, ಮತ್ತು ಆ ರೂಪಕ್ಕೂ ಪಾಣಿನಿಯಲ್ಲಿ ಬೇರೆ ಸೂತ್ರವಿದೆ. ಅಷ್ಟೇ ಅಲ್ಲದೆ, ಭಯಾರ್ಥಕ ಧಾತುಗಳ ಜೊತೆಯಲ್ಲಿ ಭಯಕ್ಕೆ ಕಾರಣವಾದುದು ಯಾವ ಕಾರಕವಾಗಬೇಕೆಂದು ಹೇಳುವಾಗ ‘ಭಯಹೇತು’ ಎಂಬ ಮಾತನ್ನೇ ಅವನು ಬಳಸುತ್ತಾನೆ. ‘ಹೇತು’ ಎಂಬ ನಮ್ಮ ಪರಿಭಾಷೆ ಅಲ್ಲಿಂದ ಬಂದುದು.

ಈಗ ಕನ್ನಡದ ಕಡೆಗೆ ತಿರುಗಿದರೆ ಗೊಂದಲದ ನಿಜವಾದ ಮೂಲ ಕಾಣುತ್ತದೆ. ಕನ್ನಡವು ಅನುಭವಿಗೂ ಹೇತುವಿಗೂ ಇರುವ ಭೇದವನ್ನು ತೋರಿಸುವುದು ಹೆಚ್ಚಾಗಿ ವಿಶೇಷಣದಲ್ಲಲ್ಲ, ವಿಭಕ್ತಿಯಲ್ಲಿ. ‘ನನಗೆ ಬೇಸರವಾಯಿತು’, ‘ಅವಳಿಗೆ ಆಶ್ಚರ್ಯವಾಯಿತು’, ‘ಮಗುವಿಗೆ ಭಯವಾಯಿತು’ ಎಂಬ ವಾಕ್ಯಗಳಲ್ಲಿ ಭಾವವೇ ಕರ್ತೃ. ಅನುಭವಿಗೆ ಚತುರ್ಥಿಯ ‘ಗೆ’. ನಾವು ಬೇಸರವನ್ನು ಮಾಡುವವರೂ ಅಲ್ಲ, ಬೇಸರಕ್ಕೆ ಕರ್ಮವಾದವರೂ ಅಲ್ಲ. ಅದು ನಮ್ಮ ಬಳಿಗೆ ಬರುತ್ತದೆ, ಅಷ್ಟೆ. ಸಂಸ್ಕೃತದಲ್ಲಿಯೂ ರುಚಿಸುವುದೆಂಬ ಅರ್ಥದ ಧಾತುಗಳ ಜೊತೆಯಲ್ಲಿ ಪ್ರೀತಿಗೊಳ್ಳುವವನಿಗೆ ಚತುರ್ಥಿ ಬರುತ್ತದೆ. ಹಳೆಯ ಇಂಗ್ಲಿಷಿನಲ್ಲಿಯೂ ಹೀಗೆಯೇ ಇದ್ದಿತೆಂಬುದು ಕುತೂಹಲಕರ ಸಂಗತಿ. ಇಂದಿನ ‘ಲೈಕ್’ ಎಂಬ ಧಾತುವಿಗೆ ಮೊದಲು ‘ಹಿತವಾಗು’ ಎಂಬ ಅರ್ಥವಿದ್ದು, ಯಾರಿಗೆ ಹಿತವಾಯಿತೋ ಆತನು ಚತುರ್ಥಿಯಲ್ಲಿರುತ್ತಿದ್ದನು. ಕಾಲಕ್ರಮದಲ್ಲಿ ಆ ಭಾಷೆಯು ವಿಭಕ್ತಿಪ್ರತ್ಯಯಗಳನ್ನು ಬಹುಮಟ್ಟಿಗೆ ಕಳೆದುಕೊಂಡು, ಅನುಭವಿಯನ್ನು ವಾಕ್ಯದ ಮೊದಲಿಗೆ ತಂದು ಕರ್ತೃವಿನ ಸ್ಥಾನದಲ್ಲಿ ಕೂರಿಸಿತು. ಕನ್ನಡವು ತನ್ನ ‘ಗೆ’ಯನ್ನು ಬಿಟ್ಟುಕೊಡಲಿಲ್ಲ. ಎಷ್ಟರಮಟ್ಟಿಗೆಂದರೆ, ಇಂಗ್ಲಿಷಿನ ‘ಬೋರ್’ ಶಬ್ದವನ್ನೇ ನಮ್ಮವರು ಎರವಲು ತಂದಾಗ ಅದರ ಎರಡೂ ಬಾಲಗಳನ್ನು ಕತ್ತರಿಸಿ, ನಾಮಪದವನ್ನಾಗಿ ಮಾಡಿ, ‘ನನಗೆ ಬೋರ್ ಆಯಿತು’ ಎಂದು ತಮ್ಮ ಅಚ್ಚಿಗೆ ಹೊಯ್ದುಕೊಂಡರು. ‘ಬೋರ್ಡ್’ ಎಂದರೆ ನಮ್ಮ ಹಳ್ಳಿಗರಿಗೆ ನಾಮಫಲಕ. ‘ಬೋರಿಂಗ್’ ಎಂದರೆ ನೀರಿಗಾಗಿ ನೆಲ ಕೊರೆಯುವುದು ಅಥವಾ ಕೈಪಂಪು. ಭಾವಕ್ಕೆ ಅವರಿಗೆ ಆ ರೂಪಗಳ ಅವಶ್ಯಕತೆಯೇ ಬೀಳಲಿಲ್ಲ.

ಇಷ್ಟೇ ಆಗಿದ್ದರೆ ‘ಗೆ’ ಇರುವವನೇ ಅನುಭವಿ ಎಂಬ ಸುಲಭಸೂತ್ರ ಕೊಟ್ಟು ಮುಗಿಸಬಹುದಾಗಿದ್ದಿತು. ಆದರೆ ಆ ಸೂತ್ರ ನಿಲ್ಲುವುದಿಲ್ಲ. ‘ಹುಡುಗನಿಗೆ ಭಯವಾಯಿತು’ ಎಂಬಲ್ಲಿ ‘ಗೆ’ ಅನುಭವಿಗೆ ಹತ್ತಿದೆ. ‘ಹುಡುಗನು ಆನೆಗೆ ಹೆದರಿದನು’ ಎಂಬಲ್ಲಿ ಅದೇ ‘ಗೆ’ ಹೇತುವಿಗೆ ಹತ್ತಿದೆ! ಭಾವವು ನಾಮಪದವಾಗಿ ಬಂದು ‘ಆಗು’ ಧಾತುವನ್ನು ಕೂಡಿಕೊಂಡಾಗ ಒಂದು ವ್ಯವಸ್ಥೆ. ‘ಹೆದರು’, ‘ಅಂಜು’, ‘ನಾಚು’ ಎಂಬಂಥ ಧಾತುಗಳಲ್ಲಿ ಮತ್ತೊಂದು ವ್ಯವಸ್ಥೆ. ಈ ಎರಡನೆಯ ಗುಂಪಿನಲ್ಲಿ ಅನುಭವಿಯು ಪ್ರಥಮೆಯಲ್ಲಿ ನಿಲ್ಲುತ್ತಾನೆ, ಹೇತುವು ಚತುರ್ಥಿಗೆ ಹೋಗುತ್ತದೆ. ವಾಕ್ಯ ಪೂರ್ಣವಾಗಿರುವಾಗ ಕನ್ನಡಿಗನಿಗೆ ಇದರಿಂದ ಎಳ್ಳಷ್ಟೂ ತೊಡಕಿಲ್ಲ. ತೊಡಕು ಪ್ರಾರಂಭವಾಗುವುದು ವಾಕ್ಯವನ್ನು ಮಡಿಸಿ ವಿಶೇಷಣವನ್ನಾಗಿ ಮಾಡಿದಾಗ. ಆಗ ವಿಭಕ್ತಿಯು ಅಳಿಸಿಹೋಗುತ್ತದೆ.

ಕನ್ನಡದ ‘ಮಾಡಿದ’, ‘ನೋಡಿದ’ ಎಂಬಂಥ ಕೃದಂತ ವಿಶೇಷಣಗಳು ತಮ್ಮ ಮುಂದಿನ ನಾಮಪದಕ್ಕೂ ಕ್ರಿಯೆಗೂ ಇರುವ ಸಂಬಂಧ ಎಂಥದು ಎಂಬುದನ್ನು ಸ್ವತಃ ಹೇಳುವುದಿಲ್ಲ. ‘ನೋಡಿದ ಹುಡುಗ’ ಎಂದರೆ ನೋಡಿದವನು ಹುಡುಗನಾಗಬಹುದು. ‘ನೋಡಿದ ಊರು’ ಎಂದರೆ ಊರು ನೋಡಲಿಲ್ಲ, ನಾವು ಅದನ್ನು ನೋಡಿದೆವು. ಎರಡು ಕಡೆಯೂ ರೂಪ ಒಂದೇ. ಅರ್ಥವನ್ನು ನಿರ್ಣಯಿಸುವುದು ಲೋಕಜ್ಞಾನ: ಊರಿಗೆ ಕಣ್ಣಿಲ್ಲವೆಂಬುದು ನಮಗೆ ಗೊತ್ತು. ಭಾವಗಳ ವಿಷಯದಲ್ಲಿಯೂ ಇದೇ ನಿಯಮ ನಡೆಯುತ್ತದೆ. ‘ಬೇಸರವಾದ ಪಾಠ’ ಎಂದರೆ ಪಾಠವು ಹೇತು, ಏಕೆಂದರೆ ಪಾಠಕ್ಕೆ ಮನಸ್ಸಿಲ್ಲ. ‘ಹೆದರಿದ ಮಗು’ ಎಂದರೆ ಮಗುವು ಅನುಭವಿ. ಮನಸ್ಸಿಲ್ಲದ ವಸ್ತುವಿನ ಪ್ರಸಂಗದಲ್ಲಿ ಲೋಕಜ್ಞಾನವು ನಮ್ಮನ್ನು ಕಾಪಾಡುತ್ತದೆ. ಆದರೆ ತಾನೂ ಹೆದರಬಲ್ಲ, ಇತರರನ್ನೂ ಹೆದರಿಸಬಲ್ಲ ಜೀವಿಯ ಪ್ರಸಂಗ ಬಂದಾಗ ಆ ನೆರವು ಕೈಬಿಡುತ್ತದೆ. ಆನೆಯು ಅಂಥ ಜೀವಿ.

ಹಾನುಬಾಳಿನ ಸಾಕ್ಷ್ಯವನ್ನು ಈಗ ಸವಿವರವಾಗಿ ನೋಡೋಣ. ಅನುವಾದಿಸಿದ ವಿದ್ಯಾರ್ಥಿನಿಯನ್ನು ಕರೆದು, ‘ಫ್ರೈಟನಿಂಗ್ ಎಂದು ಏಕೆ ಬರೆದೆ?’ ಎಂದು ಕೇಳಿದೆವು. ‘ಆನೆಯನ್ನು ಕಂಡರೆ ಎಲ್ಲರಿಗೂ ಭಯವಲ್ಲವೇ ಸಾರ್’ ಎಂದಳು. ವಾಕ್ಯದ ರೂಪವು ಎರಡರ್ಥಕ್ಕೆ ಎಡೆಗೊಟ್ಟಿದ್ದಿತು, ಅವಳ ಲೋಕಜ್ಞಾನವು ಒಂದನ್ನು ಆರಿಸಿಕೊಂಡಿತು. ಅಷ್ಟು ಮಾತ್ರಕ್ಕೆ ಅವಳನ್ನು ದೂಷಿಸುವಂತಿಲ್ಲ. ಧ್ವನಿಮುದ್ರಿಕೆಯನ್ನೇ ಮತ್ತೊಮ್ಮೆ ಕೇಳಬೇಕೆಂದು ನಿಶ್ಚಯಿಸಿ ಇಬ್ಬರೂ ಕುಳಿತೆವು. ಆ ಹಿರಿಯರು ಹೇಳಿದ್ದ ಮಾತಿನ ಸಾರಾಂಶ ಹೀಗಿದೆ. ಕಾಫಿ ಕೊಯ್ಲಿನ ಕಾಲ. ಗದ್ದೆಯಲ್ಲಿ ಬತ್ತ ಇನ್ನೂ ಕಣಕ್ಕೆ ಬಂದಿರಲಿಲ್ಲ. ರಾತ್ರಿ ಒಂಟಿ ಆನೆಯೊಂದು ಗದ್ದೆಗೆ ಇಳಿದು ಮೇಯುತ್ತಿದ್ದಿತು. ಊರವರು ಸೇರಿ ಡಬ್ಬ ಬಡಿದರು, ಪಟಾಕಿ ಹಚ್ಚಿ ಎಸೆದರು. ಆನೆ ಬಂದ ದಾರಿಯಲ್ಲಿ ಹಿಂದಿರುಗಬೇಕಾಗಿದ್ದಿತು. ಆ ದಾರಿಯಲ್ಲಿಯೇ ಬೆಳಕು ಹಿಡಿದು ಜನ ನಿಂತಿದ್ದರು. ಅದು ತಿರುಗಿ ತೋಟದ ಬೇಲಿ ಮುರಿದು ಲೈನಿನ ಕಡೆಗೆ ನುಗ್ಗಿತು. ಅದಾದ ಮೇಲೆ ಅವರು ಹೇಳಿದ ಮಾತು: ‘ಹೆದ್ರಿದ್ ಆನೆ ಕಣವ್ವ ಅದು. ಹೆದ್ರಿಸ್ದೋರು ನಾವು.’

ಎರಡನೆಯ ವಾಕ್ಯವನ್ನು ವಿದ್ಯಾರ್ಥಿನಿಯು ಕನ್ನಡದ ಪ್ರತಿಯಲ್ಲಿ ಬಿಟ್ಟಿದ್ದಳು; ಮೊದಲನೆಯದರ ಪುನರುಕ್ತಿಯೆಂದು ಅವಳು ಭಾವಿಸಿದ್ದಳಂತೆ. ಅದು ಪುನರುಕ್ತಿಯಲ್ಲ. ‘ಹೆದರು’ ಎಂಬ ಧಾತುವಿಗೆ ‘ಇಸು’ ಪ್ರತ್ಯಯ ಸೇರಿ ‘ಹೆದರಿಸು’ ಎಂಬ ಪ್ರೇರಣಾರ್ಥಕ ರೂಪವಾಗಿದೆ. ಅನುಭವಿ ಆನೆ, ಹೇತು ‘ನಾವು’ ಎಂದು ಹಿರಿಯರು ಎರಡು ಮಾತಿನಲ್ಲಿ ಹಂಚಿಕೊಟ್ಟಿದ್ದಾರೆ. ಯಾವ ವೈಯಾಕರಣನೂ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರನು. ಇಂಗ್ಲಿಷಿನಲ್ಲಿ ಅದು ‘ಫ್ರೈಟನ್ಡ್ ಎಲಿಫೆಂಟ್’ ಆಗಬೇಕು. ‘ನಾವು’ ಎಂಬುದಕ್ಕೆ ಸಕರ್ಮಕ ಧಾತುವಿನ ಕರ್ತೃಸ್ಥಾನ ದೊರೆಯಬೇಕು.

ಅದೇ ಮುದ್ರಿಕೆಯಲ್ಲಿ ಸ್ವಲ್ಪ ಮುಂದೆ ಅವರು, ‘ನಾವು ಹೆದ್ರಿದ್ ಆನೆ ಬೇರೆ’ ಎಂದಿದ್ದಾರೆ. ಶಬ್ದ ಅದೇ ‘ಹೆದರಿದ’, ನಾಮಪದ ಅದೇ ‘ಆನೆ’. ಅರ್ಥ ಮಾತ್ರ ತಿರುಗಿಬಿದ್ದಿದೆ. ಇಲ್ಲಿ ಹೆದರಿದವರು ‘ನಾವು’, ಆನೆಯು ಹೇತು. ಕೃದಂತದ ಹಿಂದೆ ಪ್ರಥಮೆಯಲ್ಲಿ ಬೇರೊಬ್ಬ ಅನುಭವಿಯು ಬಂದು ನಿಂತಾಗ ಮುಂದಿನ ನಾಮಪದಕ್ಕೆ ಹೇತುವಿನ ಸ್ಥಾನವಷ್ಟೇ ಉಳಿಯುತ್ತದೆ. ಆದುದರಿಂದ ‘ಹೆದರಿದ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಸಮಾನಪದವನ್ನು ನಿಘಂಟಿನಿಂದ ಹೆಕ್ಕಿಕೊಡುವುದು ಸಾಧ್ಯವಿಲ್ಲ. ಮೊದಲ ಆನೆ ‘ಫ್ರೈಟನ್ಡ್’, ಎರಡನೆಯ ಆನೆಯನ್ನು ಕುರಿತು ‘ನಾವು ಯಾವುದಕ್ಕೆ ಹೆದರಿದೆವೋ ಆ ಆನೆ’ ಎಂದು ಬಿಡಿಸಿಯೇ ಹೇಳಬೇಕು. ಅದನ್ನು ‘ಫ್ರೈಟನಿಂಗ್’ ಎಂದು ಅಡಕಮಾಡಬಹುದಾದರೂ, ಆ ಆನೆ ಎಲ್ಲರಿಗೂ ಸದಾ ಭಯಂಕರವಾಗಿತ್ತೆಂಬ ಅರ್ಥ ಬಂದು, ‘ನಾವು ಅಂದು ಹೆದರಿದೆವು’ ಎಂಬ ಖಚಿತವಾದ ಸಂಗತಿ ಮಸುಕಾಗುತ್ತದೆ. ‘ಇಂಗ್’ ರೂಪವು ಹೇತುವಿನ ಸ್ವಭಾವವನ್ನು ಹೇಳುವಂತೆ ತೋರುತ್ತದೆ. ಯಾರು ಅನುಭವಿಸಿದರು ಎಂಬುದನ್ನು ಅದು ಮರೆಮಾಡಬಲ್ಲದು. ಇತಿಹಾಸದ ವಿದ್ಯಾರ್ಥಿಯು ಅನುವಾದಗಳನ್ನು ಓದುವಾಗ ಇದನ್ನು ವಿಶೇಷವಾಗಿ ಗಮನಿಸಬೇಕು. ‘ಭಯಾನಕ ಪ್ರಾಣಿ’, ‘ಆಶ್ಚರ್ಯಕರ ಜನ’ ಎಂಬ ಮಾತುಗಳು ದಾಖಲೆಯಲ್ಲಿ ಕಂಡಾಗಲೆಲ್ಲ ‘ಯಾರಿಗೆ?’ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಮಡಿಸಿದ ವಿಶೇಷಣವನ್ನು ಬಿಡಿಸುವ ಬಗೆ ಯಾವುದು? ಕನ್ನಡವೇ ಅದಕ್ಕೆ ಸಾಧನವನ್ನು ಒದಗಿಸಿದೆ. ‘ಪಡು’ ಎಂದರೆ ಅನುಭವಿಸು. ಅದಕ್ಕೆ ‘ಇಸು’ ಸೇರಿದರೆ ‘ಪಡಿಸು’, ಅಂದರೆ ಅನುಭವಿಸುವಂತೆ ಮಾಡು. ಭಾವವಾಚಕ ನಾಮಪದದ ಮುಂದೆ ಈ ಎರಡನ್ನೂ ಇಟ್ಟು ನೋಡಬೇಕು. ‘ಹೆದರಿದ ಆನೆ’ ಎಂಬಲ್ಲಿ ‘ಭಯಪಟ್ಟ ಆನೆ’ ಎಂದರೆ ಹೇಳಿದವರ ಅಭಿಪ್ರಾಯ ಉಳಿಯುತ್ತದೆಯೇ, ‘ಭಯಪಡಿಸಿದ ಆನೆ’ ಎಂದರೆ ಉಳಿಯುತ್ತದೆಯೇ? ‘ಪಟ್ಟ’ ಹೊಂದಿದರೆ ‘ಎಡ್’, ‘ಪಡಿಸಿದ’ ಅಥವಾ ‘ಪಡಿಸುವ’ ಹೊಂದಿದರೆ ‘ಇಂಗ್’. ಇದು ಕೇವಲ ಜ್ಞಾಪಕಕ್ಕಾಗಿ ಹೊಸೆದ ಉಪಾಯವಲ್ಲ. ‘ಮಾಡಲ್ಪಡು’, ‘ಹೇಳಲ್ಪಡು’ ಎಂದು ಕನ್ನಡದಲ್ಲಿ ಕರ್ಮಣಿಪ್ರಯೋಗವನ್ನು ಕಟ್ಟುವುದು ಇದೇ ‘ಪಡು’ ಧಾತುವಿನಿಂದ. ಇಂಗ್ಲಿಷಿನ ‘ಎಡ್’ ರೂಪವೂ ಕರ್ಮಣಿಯೇ ಆದುದರಿಂದ ಎರಡೂ ಸಹಜವಾಗಿ ಹೊಂದಿಕೊಳ್ಳುತ್ತವೆ. ‘ಆಸಕ್ತಿ’ಯಂಥ ಕೆಲವು ಪದಗಳ ಜೊತೆ ‘ಪಡು’ ಅಷ್ಟಾಗಿ ಒಗ್ಗುವುದಿಲ್ಲ. ಅಲ್ಲಿ ‘ಆಸಕ್ತಿ ತಳೆದ’, ‘ಆಸಕ್ತಿ ಹುಟ್ಟಿಸುವ’ ಎಂದು ಬಳಸಿದರೆ ಅದೇ ಕೆಲಸ ನಡೆಯುತ್ತದೆ.

‘ಇಸು’ ಕಂಡೊಡನೆ ಹೇತುವೆಂದು ತೀರ್ಮಾನಿಸುವುದು ಮಾತ್ರ ಅಪಾಯಕರ. ಕೇಶಿರಾಜನಿಂದ ಮೊದಲ್ಗೊಂಡು ನಮ್ಮ ವೈಯಾಕರಣರು ಈ ಪ್ರತ್ಯಯವನ್ನು ವಿಚಾರಿಸಿದ್ದಾರೆ. ಕನ್ನಡದ ಧಾತುವಿಗೆ ಅದು ಸೇರಿದಾಗ ಪ್ರೇರಣಾರ್ಥ ಬರುತ್ತದೆ: ನಗು, ನಗಿಸು, ದಣಿ, ದಣಿಸು, ಹೆದರು, ಹೆದರಿಸು. ನಾಮಪದಕ್ಕೆ ಸೇರಿದಾಗ ಅದು ಆ ನಾಮಪದವನ್ನು ಧಾತುವನ್ನಾಗಿ ಮಾಡುತ್ತದೆಯೇ ಹೊರತು ಪ್ರೇರಣೆಯನ್ನು ಹೇಳಬೇಕೆಂದಿಲ್ಲ. ‘ಪ್ರೀತಿಸುವ ತಾಯಿ’ ಎಂದರೆ ಪ್ರೀತಿಯು ತಾಯಿಯ ಮನಸ್ಸಿನಲ್ಲಿಯೇ ಇದೆ. ಇತರರಲ್ಲಿ ಪ್ರೀತಿ ಹುಟ್ಟಿಸುವವಳು ಎಂದಲ್ಲ. ‘ಬೇಸರಿಸದೆ ಕೇಳಿ’ ಎಂದಾಗಲೂ ಬೇಸರಗೊಳ್ಳಬಾರದವನು ಕೇಳುವವನೇ. ಇಲ್ಲಿ ‘ಬೇಸರಿಸು’ ಎಂಬುದನ್ನು ‘ಬೋರ್’ ಧಾತುವಿಗೆ ಸಮವೆಂದು ಹಿಡಿದರೆ ಮತ್ತೆ ಹಳೆಯ ಹಳ್ಳಕ್ಕೇ ಬೀಳುತ್ತೇವೆ.

ಸಂಸ್ಕೃತದಿಂದ ಬಂದ ವಿಶೇಷಣಗಳು ಈ ವಿಷಯದಲ್ಲಿ ಕನ್ನಡ ಕೃದಂತಗಳಿಗಿಂತ ನಿಷ್ಠುರವಾದುವು. ತೃಪ್ತ, ತೃಪ್ತಿಕರ, ವಿಸ್ಮಿತ, ವಿಸ್ಮಯಕರ, ರೋಮಾಂಚಿತ, ರೋಮಾಂಚಕ, ಮೋಹಿತ, ಮೋಹಕ ಎಂಬ ಜೋಡಿಗಳಲ್ಲಿ ‘ತ’ದಿಂದ ಮುಗಿಯುವುದು ಅನುಭವಿಯದು, ‘ಕ’ ಅಥವಾ ‘ಕರ’ದಿಂದ ಮುಗಿಯುವುದು ಹೇತುವಿನದು. ಆದರೂ ‘ರೋಮಾಂಚಿತ ಪಂದ್ಯ’, ‘ಆಶ್ಚರ್ಯಚಕಿತ ಘಟನೆ’ ಎಂಬ ಪ್ರಯೋಗಗಳು ಇಂದು ವಿರಳವಲ್ಲ. ಪಂದ್ಯಕ್ಕೆ ರೋಮವಿಲ್ಲ, ಘಟನೆಯು ಬೆರಗಾಗಲಾರದು. ಕನ್ನಡದ ‘ಬೇಸರವಾದ’ ಎಂಬಂಥ ರೂಪಗಳು ಎರಡು ಕಡೆಗೂ ಒದಗುವುದರಿಂದ, ಆ ಸ್ವಾತಂತ್ರ್ಯವನ್ನು ಅದಿಲ್ಲದ ‘ತ’ ರೂಪಗಳಿಗೂ ಬರೆಯುವವರು ವಿಸ್ತರಿಸುತ್ತಿದ್ದಾರೆಂದು ನಮ್ಮ ಊಹೆ. ಇಂಗ್ಲಿಷಿನ ತಪ್ಪನ್ನು ಪರಭಾಷೆಯ ಕಷ್ಟವೆಂದು ಕ್ಷಮಿಸುವ ಅಧ್ಯಾಪಕರು ಈ ತಪ್ಪನ್ನು ಗಮನಿಸದೆ ಬಿಡುತ್ತಾರೆ. ಎರಡರ ಬೇರೂ ಒಂದೇ.

ತರಗತಿಗಳಲ್ಲಿ ಈ ಜೋಡಿಗಳನ್ನು ಬೋಧಿಸುವಾಗ ‘ಮನುಷ್ಯರಿಗೆ ಎಡ್, ವಸ್ತುಗಳಿಗೆ ಇಂಗ್’ ಎಂಬ ಸುಲಭಸೂತ್ರವನ್ನು ಹೇಳಿಕೊಡುವುದುಂಟು. ಪಾಠ ಮತ್ತು ಹುಡುಗನ ಉದಾಹರಣೆಗೆ ಅದು ಸರಿಹೋಗುತ್ತದೆ. ಉಪನ್ಯಾಸಕನೊಬ್ಬನು ಬೋರಿಂಗ್ ಆಗಿರಬಹುದು ಎಂದೊಡನೆ ಅದು ಮುರಿದುಬೀಳುತ್ತದೆ, ಮತ್ತು ಈ ಉದಾಹರಣೆಯನ್ನು ವಿದ್ಯಾರ್ಥಿಗಳು ಬಹು ಬೇಗ ಗ್ರಹಿಸುತ್ತಾರೆ. ಎದುರು ದಿಕ್ಕಿನಲ್ಲಿಯೂ ಅಪವಾದಗಳುಂಟು. ಮುಖ, ದನಿ, ನೋಟ ಇವು ಮನುಷ್ಯರಲ್ಲ. ಆದರೂ ಬೇಸತ್ತವನ ಮುಖವನ್ನು ಇಂಗ್ಲಿಷಿನವರು ‘ಬೋರ್ಡ್’ ಎಂದೇ ಹೇಳುತ್ತಾರೆ, ಏಕೆಂದರೆ ಆ ಮುಖವು ಅನುಭವಿಗೆ ಸೇರಿದುದು. ‘ಬೋರಿಂಗ್’ ಮುಖವೆಂದರೆ ನೋಡುವವರಿಗೆ ಬೇಸರ ತರಿಸುವ ಮುಖ. ಸಾಕ್ಷ್ಯವನ್ನು ಅನುವಾದಿಸುವವರಿಗೆ ಇಂತಹ ಕಡೆ ಎಚ್ಚರ ಬೇಕು. ‘ಹೆದರಿದ ದನಿ’ಯಲ್ಲಿ ಮಾತಾಡಿದವಳನ್ನು ಹೆದರಿಸುವವಳನ್ನಾಗಿ ಮಾಡಿಬಿಡುವುದು ಸುಲಭ. ಜೋಡಿಯ ಕಟ್ಟಳೆಗೆ ಸಿಕ್ಕದ ಪದಗಳೂ ಕೆಲವಿವೆ. ‘ಸ್ಕೇರ್ಡ್’ ಎಂಬುದರ ಎದುರಿಗೆ ವಾಡಿಕೆಯಲ್ಲಿರುವುದು ‘ಸ್ಕೇರಿ’, ‘ಡಿಲೈಟೆಡ್’ ಎಂಬುದರ ಎದುರಿಗೆ ‘ಡಿಲೈಟ್‌ಫುಲ್’. ಇವನ್ನು ಬಳಕೆಯಿಂದಲೇ ಕಲಿಯಬೇಕು.

ವಾಕ್ಯದಲ್ಲಿ ಮುಂದೆ ಬರುವ ಉಪಸರ್ಗವ್ಯಯಗಳು ಸಂದೇಹವನ್ನು ಪರಿಹರಿಸಲು ಕೆಲವೊಮ್ಮೆ ನೆರವಾಗುತ್ತವೆ. ಅನುಭವಿಯ ವಿಶೇಷಣದ ಮುಂದೆ ಹೇತುವನ್ನು ಹೇಳಬೇಕಾದಾಗ ‘ಇಂಟರೆಸ್ಟೆಡ್ ಇನ್’, ‘ಬೋರ್ಡ್ ವಿತ್’, ‘ಫ್ರೈಟನ್ಡ್ ಆಫ್’ ಎಂದು ಪದಪದಕ್ಕೂ ಬೇರೆ ಬೇರೆ ಅವ್ಯಯಗಳು ಬರುತ್ತವೆ. ಹೇತುವಿನ ವಿಶೇಷಣದ ಮುಂದೆ ಅನುಭವಿಯನ್ನು ಹೇಳಬೇಕಾದಾಗ ಬಹುಮಟ್ಟಿಗೆ ‘ಟು’ ಎಂಬ ಒಂದೇ ಅವ್ಯಯ ಸಾಕಾಗುತ್ತದೆ. ಕನ್ನಡದ ‘ನನಗೆ’ ಎಂಬುದನ್ನು ಬಿಡದೆ ಉಳಿಸಿಕೊಂಡು, ಪಾಠವನ್ನು ಕರ್ತೃವನ್ನಾಗಿ ಮಾಡಿ, ‘ಇಂಗ್’ ರೂಪವನ್ನು ಬಳಸಿದರೆ ವಾಕ್ಯವು ಶುದ್ಧವಾಗಿಯೇ ಇರುತ್ತದೆ. ‘ನನಗೆ’ ಎಂಬುದನ್ನು ‘ಐ’ ಎಂದು ಬದಲಿಸಿದ ಕ್ಷಣದಲ್ಲಿಯೇ ವಿಶೇಷಣವನ್ನೂ ಬದಲಿಸಬೇಕಾಗುತ್ತದೆ. ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೆಯೇ ಬಿಡುವುದರಿಂದಲೇ ‘ಐ ಆಮ್ ಬೋರಿಂಗ್’ ಹುಟ್ಟುವುದು.

ಹಾನುಬಾಳಿನ ಮುದ್ರಿಕೆಯಲ್ಲಿ ಇನ್ನೊಂದು ವಾಕ್ಯ ಉಳಿದಿದ್ದಿತು. ಮಾತು ಮುಗಿಸುವಾಗ ಆ ಹಿರಿಯರು, ‘ಆನೆ ಮೇಲೆ ನಂಗೇನೂ ಬೇಜಾರಿಲ್ಲ’ ಎಂದಿದ್ದರು. ವಿದ್ಯಾರ್ಥಿನಿಯು ಇದನ್ನು ಮೊದಲು ‘ನಾಟ್ ಬೋರಿಂಗ್’ ಎಂದು ಬರೆದು, ನಮ್ಮ ವಿವರಣೆಯನ್ನು ಕೇಳಿದ ಮೇಲೆ ‘ನಾಟ್ ಬೋರ್ಡ್’ ಎಂದು ತಿದ್ದಿ ತಂದಳು. ಅನುಭವಿಯನ್ನು ಸರಿಯಾಗಿಯೇ ಹಿಡಿದಿದ್ದಳು. ಭಾವ ಮಾತ್ರ ತಪ್ಪಿದ್ದಿತು. ‘ಬೇಜಾರು’ ಎಂಬುದು ಪಾರಸಿಯ ‘ಬೇಜಾರ್’ ಎಂಬುದರಿಂದ ಬಂದುದು. ಅಲ್ಲಿ ಅದು ಜುಗುಪ್ಸೆಗೊಂಡವನನ್ನು, ಬೇಸತ್ತವನನ್ನು ಹೇಳುವ ವಿಶೇಷಣ. ಕನ್ನಡದಲ್ಲಿ ‘ಬೋರ್’ನಂತೆಯೇ ನಾಮಪದವಾಗಿ ‘ನನಗೆ’ ಎಂಬುದರ ಜೊತೆಗೂಡಿತು. ಹೊತ್ತು ಹೋಗದ ಬೇಸರಕ್ಕೂ, ದುಃಖಕ್ಕೂ, ಒಬ್ಬರ ಮೇಲಿನ ಮುನಿಸಿಗೂ ನಮ್ಮ ಸೀಮೆಯಲ್ಲಿ ಅದೇ ಮಾತು ನಡೆಯುತ್ತದೆ. ‘ಮೇಲೆ’ ಎಂಬ ಪದವು ಜೊತೆಯಲ್ಲಿದ್ದಾಗ ಅದು ಮುನಿಸು. ಆನೆಯ ಮೇಲೆ ತಮಗೆ ಸಿಟ್ಟಿಲ್ಲವೆಂದು ಹಿರಿಯರು ಹೇಳಿದ್ದರು. ವಿದ್ಯಾರ್ಥಿನಿಯು ಆ ಸಾಲನ್ನು ಮೂರನೆಯ ಸಲ ತಿದ್ದಿ, ಬಿಟ್ಟುಹೋಗಿದ್ದ ‘ಹೆದರಿಸಿದವರು ನಾವು’ ಎಂಬ ವಾಕ್ಯವನ್ನು ಎರಡೂ ಪ್ರತಿಗಳಲ್ಲಿ ಅದರ ಸ್ಥಾನಕ್ಕೆ ಸೇರಿಸಿದಳು.